ಆಯಿ ಸಹಿ ಹಾಕಿದ ದಾನಪತ್ರ: ಮೂರು ವರ್ಷದ ಗಡಿಯಾರ ಯಾವಾಗ ಶುರುವಾಗುತ್ತದೆ?

[ದೃಶ್ಯ: ಸಬ್ ರಿಜಿಸ್ಟ್ರಾರ್ ಆಫೀಸಿನ ಮೇಜು. ಕ್ಯಾಮೆರಾದ ಮುಂದೆ ಕುಳಿತ ಒಬ್ಬ ಅಜ್ಜಿ. ಸೀರೆಯ ಸೆರಗಿನಿಂದ ಹೆಬ್ಬೆರಳು ಒರೆಸಿಕೊಳ್ಳುತ್ತಿದ್ದಾರೆ.]

ನಮಸ್ಕಾರ. ಈ ಅಜ್ಜಿಯನ್ನು ಸಾವಿತ್ರಜ್ಜಿ ಅಂತ ಕರೆಯೋಣ. ಕಥೆಗಾಗಿ ಇಟ್ಟ ಹೆಸರು. ವಯಸ್ಸು 78, ಊರು ಶಿರಸಿ ಹತ್ತಿರದ ಒಂದು ಹಳ್ಳಿ. ಅವರ ಹೆಸರಿನಲ್ಲಿ 1 ಎಕರೆ 12 ಗುಂಟೆ ಅಡಿಕೆ ತೋಟ ಇದೆ, ವಾಸದ ಮನೆ ಇದೆ. ಮೇಜಿನ ಆಚೆಯಿಂದ ಅಧಿಕಾರಿ ಕೇಳುತ್ತಾರೆ, "ಅಜ್ಜಿ, ನೀವೇ ಕೊಡ್ತಾ ಇದ್ದೀರಲ್ಲ?" ಅಜ್ಜಿ ಹಿಂದೆ ನಿಂತ ಸಣ್ಣ ಮಗನನ್ನು ಒಮ್ಮೆ ನೋಡುತ್ತಾರೆ. "ಹೌದು" ಅನ್ನುತ್ತಾರೆ. ಹೆಬ್ಬೆರಳು ಒತ್ತಿದ್ದಾಯಿತು, ಫೋಟೋ ತೆಗೆದದ್ದಾಯಿತು. ತೋಟ, ಮನೆ ಎರಡೂ ಮಗನ ಹೆಸರಿಗೆ.

ಆ "ಹೌದು"ಗೆ ಮುಂಚೆ ಮನೆಯಲ್ಲಿ ಏನಾಗಿತ್ತು ಅಂತ ಆ ಮೇಜಿಗೆ ಗೊತ್ತಾಗುವುದಿಲ್ಲ. ಅಜ್ಜಿ ಸೊಂಟ ಮುರಿದುಕೊಂಡು ನಾಲ್ಕು ತಿಂಗಳು ಮಲಗಿದ್ದರು. ಔಷಧ ಕೊಡುವವನು ಮಗ. ಸೊಸೈಟಿಯ ಪಾಸ್‌ಬುಕ್ ಮಗನ ಕೈಯಲ್ಲಿ. ಹುಬ್ಬಳ್ಳಿಯ ಮಗಳು ಫೋನ್ ಮಾಡಿದರೆ "ಆಯಿ ಮಲಗಿದ್ದಾಳೆ" ಅನ್ನುವ ಉತ್ತರ. ಒಂದು ರಾತ್ರಿ ಮಗ ಹೇಳಿದ: "ಆಯಿ, ನೀನು ಸಹಿ ಹಾಕದೆ ಇದ್ರೆ ನಾನು ಮನೆ ಬಿಟ್ಟು ಹೋಗ್ತೇನೆ. ಆಮೇಲೆ ನಿನ್ನ ಯಾರು ನೋಡ್ತಾರೆ?"

ಹೊಡೆತ ಇಲ್ಲ, ಬೈಗುಳ ಇಲ್ಲ. ಆದರೂ ಕಾನೂನಿನಲ್ಲಿ ಇದಕ್ಕೊಂದು ಹೆಸರಿದೆ: ಅನುಚಿತ ಪ್ರಭಾವ. 1872ರ ಕರಾರು ಕಾಯ್ದೆಯ 16ನೇ ಕಲಮು. ಒಬ್ಬರ ಮನಸ್ಸನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ಸ್ಥಾನದಲ್ಲಿದ್ದವನು ಆ ಹಿಡಿತ ಬಳಸಿ ನ್ಯಾಯವಲ್ಲದ ಲಾಭ ಪಡೆಯುವುದು. ವಯಸ್ಸು, ಕಾಯಿಲೆಯಿಂದ ಮನಸ್ಸಿನ ಬಲ ಕುಂದಿದವರ ಮಾತನ್ನು ಆ ಕಲಮು ಬಿಡಿಸಿಯೇ ಹೇಳುತ್ತದೆ.

ಬಲವಂತ ಅನ್ನುವುದು ಬೇರೆ, ಅದು 15ನೇ ಕಲಮು. ಅಪರಾಧ ಆಗುವಂಥ ಕೆಲಸ ಮಾಡಿ, ಇಲ್ಲವೇ ಮಾಡ್ತೇನೆ ಅಂತ ಹೆದರಿಸಿ ಸಹಿ ಹಾಕಿಸುವುದು. ಸಹಿ ಹಾಕದಿದ್ದರೆ ಜೀವ ಕಳೆದುಕೊಳ್ತೇನೆ ಅಂತ ಗಂಡ ಹೆದರಿಸಿ ಪತ್ರ ಬರೆಸಿಕೊಂಡದ್ದು ಬಲವಂತವೇ ಅಂತ ಮದ್ರಾಸ್ ಹೈಕೋರ್ಟ್ ನೂರು ವರ್ಷದ ಹಿಂದೆಯೇ ಹೇಳಿದೆ.

"ಆದರೆ ದಾನ ಕರಾರೇ ಅಲ್ಲವಲ್ಲ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಮು ಎರಡಕ್ಕೂ ಸೇತುವೆ ಹಾಕಿದೆ. ಯಾವ ಕಾರಣಕ್ಕೆ ಕರಾರನ್ನು ರದ್ದು ಮಾಡಬಹುದೋ ಆ ಕಾರಣಕ್ಕೆ ದಾನವನ್ನೂ ರದ್ದು ಮಾಡಬಹುದು. ದುಡ್ಡು ಸಿಗಲಿಲ್ಲ ಅನ್ನುವ ಕಾರಣ ಮಾತ್ರ ನಡೆಯುವುದಿಲ್ಲ.

[ಪರದೆಯ ಮೇಲೆ: "ರದ್ದು ಮಾಡಬಹುದು" ಅಂದರೆ "ರದ್ದಾಗಿದೆ" ಅಂತಲ್ಲ]

ಎಷ್ಟೋ ಮನೆಯವರು ಎಡವುವುದು ಇಲ್ಲೇ. ಇಂಥ ದಾನಪತ್ರ ತಾನಾಗಿ ಬಿದ್ದುಹೋಗುವುದಿಲ್ಲ. ಕೋರ್ಟು ರದ್ದು ಮಾಡುವವರೆಗೆ ಅದು ಊರ್ಜಿತವೇ. ಪಹಣಿಯಲ್ಲಿ ಮಗನ ಹೆಸರು ಬರುತ್ತದೆ. ಅಜ್ಜಿ ಒಬ್ಬರೇ ಹೋಗಿ "ರದ್ದತಿ ಪತ್ರ" ನೋಂದಾಯಿಸಿದರೂ, ಮಗ ಒಮ್ಮೆ ಸ್ವೀಕರಿಸಿದ ದಾನ ಅದರಿಂದ ಹೋಗುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಲೇಬೇಕು.

ದಾವೆಗೆ ಕಾಲಮಿತಿ ಮೂರು ವರ್ಷ. ಆ ಮೂರು ವರ್ಷ ಯಾವ ದಿನದಿಂದ? ಈ ವಿಡಿಯೋ ಮಾಡಿದ್ದೇ ಇದನ್ನು ಹೇಳಲಿಕ್ಕೆ.

ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣ ನಮ್ಮ ರಾಜ್ಯದ್ದೇ, ವಿಜಯಪುರ ಜಿಲ್ಲೆಯ ಕಡೆಯದು. ಓದು ಬಾರದ ಹೆಂಗಸು. ಎರಡು ಜಮೀನು ಬರೆದುಕೊಡು ಅಂತ ಗಂಡ ಹೇಳಿದ, ಮೋಸದಿಂದ ಇನ್ನೆರಡು ಜಮೀನನ್ನೂ ದಾನಪತ್ರದೊಳಗೆ ಸೇರಿಸಿದ. ಕೆಲವೇ ದಿನದಲ್ಲಿ ಆಕೆಗೆ ವಿಷಯ ಗೊತ್ತಾಯಿತು. ಆದರೂ ದಾವೆ ಹಾಕಿದ್ದು ಎಷ್ಟೋ ವರ್ಷದ ಮೇಲೆ, ಗಂಡ ಹೋದ ನಂತರ. "ಅವನು ಇರುವವರೆಗೆ ಅವನ ಹಿಡಿತದಲ್ಲೇ ಇದ್ದೆ" ಅನ್ನುವ ವಾದ ಬಂತು. ಕೋರ್ಟು ಒಪ್ಪಲಿಲ್ಲ. ಪತ್ರದ ನಿಜ ತಿಳಿದ ದಿನದಿಂದಲೇ ಕಾಲ ಶುರು, ಹಿಡಿತದಿಂದ ಬಿಡಿಸಿಕೊಂಡ ದಿನದಿಂದಲ್ಲ ಅಂದಿತು. ಮೋಸ ಆಗಿದ್ದು ನಿಜವಾದರೂ ಆ ಜಮೀನು ಆಕೆಗೆ ಸಿಗಲಿಲ್ಲ.

ನನಗೆ ಇದು ಕಠಿಣ ಅನ್ನಿಸುತ್ತದೆ. ಮಗ ಬಡಿಸಿದ ಊಟ ಉಣ್ಣುತ್ತಾ ಮಗನ ಮೇಲೆ ದಾವೆ ಹಾಕು ಅಂತ ಯಾವ ತಾಯಿಗೆ ಹೇಳುವುದು? ಆದರೆ ಕಾನೂನು ಇರುವುದು ಹಾಗೆ. ಅದಕ್ಕೇ ಮನೆಯ ಉಳಿದವರು ದಿನ ಎಣಿಸಬೇಕು.

ಸಾವಿತ್ರಜ್ಜಿಯ ಲೆಕ್ಕ ನೋಡೋಣ. ಪತ್ರ ಆದದ್ದು 2024ರ ಜೂನ್ 12. ತೋಟ ಕೊಡುವ ಪತ್ರ ಅಂತ ಅವರಿಗೆ ಅವತ್ತೇ ಗೊತ್ತಿತ್ತು, ಹೆದರಿ ಸಹಿ ಹಾಕಿದರು. ಹಾಗಾದರೆ 2027ರ ಜೂನ್ 12ರ ಒಳಗೆ ದಾವೆ ಹಾಕಬೇಕು. ಮಗಳಿಗೆ ದೀಪಾವಳಿಗೆ ಬಂದಾಗ ಗೊತ್ತಾಯಿತು ಅನ್ನುವುದು ಲೆಕ್ಕಕ್ಕಿಲ್ಲ. "ಪಿಂಚಣಿ ಕಾಗದ" ಅಂತ ಸುಳ್ಳು ಹೇಳಿ ಹೆಬ್ಬೆರಳು ಒತ್ತಿಸಿದ್ದರೆ ಮಾತೇ ಬೇರೆ. ಅಲ್ಲಿ ಯಾವ ಕಾಗದ ಅನ್ನುವುದರಲ್ಲೇ ಮೋಸ. ಅಂಥ ಪತ್ರ ಮೊದಲಿನಿಂದಲೇ ಶೂನ್ಯ.

[ದೃಶ್ಯ: ದಾನಪತ್ರದ ಕೊನೆಯ ಪುಟ, ಸಾಕ್ಷಿಗಳ ಸಹಿ]

ಈಗ ರುಜುವಾತು. ಬರೀ ತಾಯಿ–ಮಗ ಅಂತ ತೋರಿಸಿದರೆ ಸಾಲದು. ಅಜ್ಜ ಮೊಮ್ಮಗನಿಗೆ ದಾನ ಕೊಟ್ಟ ಒಂದು ಪ್ರಕರಣದಲ್ಲಿ, ಹತ್ತಿರದ ಸಂಬಂಧ ಇದೆ ಅಂದ ಮಾತ್ರಕ್ಕೆ ಅನುಚಿತ ಪ್ರಭಾವ ಊಹಿಸಲು ಆಗದು ಅಂತ ಸುಪ್ರೀಂ ಕೋರ್ಟ್ 1966ರಲ್ಲೇ ಹೇಳಿದೆ. ಪ್ರೀತಿಯಿಂದ ಕೊಡುವವರೂ ಇದ್ದಾರಲ್ವಾ. ಅಜ್ಜಿ ಮೊದಲು ಎರಡು ವಿಷಯ ತೋರಿಸಬೇಕು: ಮಗನ ಹಿಡಿತ ಇತ್ತು, ಮತ್ತು ಕೊಟ್ಟ ರೀತಿ ನೋಡಿದರೇ ಅನ್ಯಾಯ ಕಾಣುತ್ತದೆ. ಅಷ್ಟಾದರೆ ಭಾರ ತಿರುಗುತ್ತದೆ. ಅಜ್ಜಿ ತಿಳಿದು, ಸ್ವಂತ ಮನಸ್ಸಿನಿಂದ ಕೊಟ್ಟರು ಅಂತ ಮಗನೇ ರುಜುವಾತು ಮಾಡಬೇಕು.

ಹಿಡಿತಕ್ಕೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಬೇಕು, ಪಾಸ್‌ಬುಕ್ ಬೇಕು. ಅನ್ಯಾಯಕ್ಕೆ ದಾನಪತ್ರವನ್ನೇ ಓದಿ. ಇದ್ದ ತೋಟ, ಇದ್ದ ಮನೆ ಎಲ್ಲ ಕೊಟ್ಟಿದ್ದಾರೆ. ಸಾಯುವವರೆಗೆ ಈ ಮನೆಯಲ್ಲಿ ಇರುವ ಹಕ್ಕು ಅಂತ ಒಂದು ಸಾಲೂ ಇಲ್ಲ. ಪತ್ರ ಬರೆಸಿದ್ದು ಮಗ ಕರೆತಂದ ಬರಹಗಾರ, ಇಬ್ಬರು ಸಾಕ್ಷಿಗಳೂ ಮಗನ ಗೆಳೆಯರು. ಮಗಳನ್ನಾಗಲಿ, ಬೇರೆ ವಕೀಲರನ್ನಾಗಲಿ ಅಜ್ಜಿ ಒಂದು ಮಾತು ಕೇಳಲಿಕ್ಕೆ ಆಗಲಿಲ್ಲ. ಕೋರ್ಟು ಇಂಥವನ್ನೇ ಕೂಡಿಸಿ ನೋಡುತ್ತದೆ.

ಮೂರು ವರ್ಷ ಇದೆ ಅಂತ ಸುಮ್ನೆ ಕೂರಬೇಡಿ. ಮಗ ಆ ತೋಟವನ್ನು ಏನೂ ಗೊತ್ತಿಲ್ಲದವರಿಗೆ ದುಡ್ಡು ತೆಗೆದುಕೊಂಡು ಮಾರಿದರೆ, ಅವರ ಹಕ್ಕನ್ನು ಅದೇ 126ನೇ ಕಲಮು ಕಾಯುತ್ತದೆ. ತೋಟ ಅಜ್ಜಿಗೆ ವಾಪಸ್ ಬರುವುದು ಕಷ್ಟ. ದಾವೆ ಹಾಕಿದ ಮೇಲೆ ಮಾರಿದರೆ ಕೊಂಡವರೂ ಆ ತೀರ್ಪಿಗೆ ಕಟ್ಟುಬೀಳುತ್ತಾರೆ. ಹಾಗಾಗಿ ದಾವೆಯ ಜೊತೆಗೇ ತಡೆಯಾಜ್ಞೆ ಕೇಳಬೇಕು. ಹೆಸರು ಬದಲಾವಣೆ ಇನ್ನೂ ಆಗಿಲ್ಲದಿದ್ದರೆ ತಹಶೀಲ್ದಾರ್ ಕಚೇರಿಗೆ ಬರಹದಲ್ಲಿ ತಕರಾರು ಕೊಡಬೇಕು.

ಇನ್ನೊಂದು ದಾರಿ ಇದೆ. 60 ದಾಟಿದವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವನು ನೋಡಿಕೊಳ್ಳದಿದ್ದರೆ, ಅದನ್ನು ಮೋಸ ಇಲ್ಲವೇ ಬಲವಂತ ಅಂತಲೇ ಎಣಿಸಿ ರದ್ದು ಮಾಡಬಹುದು. ಅರ್ಜಿ ಉಪವಿಭಾಗಾಧಿಕಾರಿಯವರ ಮುಂದೆ. ಶಿರಸಿಯವರಿಗೆ ಶಿರಸಿಯಲ್ಲೇ, ಕಾರವಾರದವರಿಗೆ ಕಾರವಾರದಲ್ಲೇ. ಷರತ್ತು ಇತ್ತು ಅಂತ ತೋರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಅದೇ ಕೋರ್ಟು, ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟ ವಚನವನ್ನೂ ದಾನಪತ್ರದ ಜೊತೆ ಓದಿ, ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. "ನೋಡಿಕೊಳ್ತೇನೆ ಆಯಿ" ಅಂತ ಮಗ ಬರೆದ ಚೀಟಿ ಮನೆಯಲ್ಲಿದ್ದರೆ ಅದನ್ನು ಜೋಪಾನ ಮಾಡಿ.

ಮೊದಲ ಕೆಲಸ, ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದಾನಪತ್ರದ ದೃಢೀಕೃತ ನಕಲು ತನ್ನಿ. ಅದರ ಮೇಲೆ ತಾರೀಕು ಇರುತ್ತದೆ. ಅಜ್ಜಿಯ ಪಕ್ಕ ಕೂತು, ಮಗ ಎದುರಿಗೆ ಇಲ್ಲದ ಹೊತ್ತಿನಲ್ಲಿ, ಅವರಿಗೆ ಏನು ಯಾವಾಗ ಗೊತ್ತಾಯಿತು ಅಂತ ನಿಧಾನವಾಗಿ ಕೇಳಿ ಬರೆದಿಡಿ. ವಕೀಲರ ಫೀ ಕೊಡಲು ಆಗದಿದ್ದರೆ ಕೋರ್ಟಿನಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ.