ಬಿಲ್ ಮೇಲೆ ದುಡ್ಡು: ಇನ್ವಾಯ್ಸ್ ಡಿಸ್ಕೌಂಟಿಂಗ್, ಫ್ಯಾಕ್ಟರಿಂಗ್ ನಿಜವಾಗ್ಲೂ ಎಷ್ಟಕ್ಕೆ ಬೀಳುತ್ತೆ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಇನ್ವಾಯ್ಸ್ ಇಟ್ಕೊಂಡು ಕೊನೆವರೆಗೂ ಲೆಕ್ಕ ಮಾಡೋಣ ಅಂತ ಬಂದಿದ್ದೀನಿ. ಇನ್ವಾಯ್ಸ್ ಮೊತ್ತ 10 ಲಕ್ಷ. ಮಾಲು ಕಳಿಸಿ ಆಯ್ತು, ಪಾರ್ಟಿ ತಗೊಂಡು ಸಹಿ ಹಾಕಿಯೂ ಆಯ್ತು, ಆದ್ರೆ ಪೇಮೆಂಟ್ 60 ದಿನದ ಮೇಲೆ. ಅಷ್ಟರಲ್ಲಿ ನಿಮಗೆ ಸಂಬಳ ಕೊಡ್ಬೇಕು, ಕಚ್ಚಾಮಾಲು ತರ್ಬೇಕು. ಹಾಗಾಗಿ ಒಂದು ಫೈನಾನ್ಸ್ ಕಂಪನಿ ಹತ್ರ ಹೋಗ್ತೀರ, ಅವರು "ಬಿಲ್ ತನ್ನಿ, 80 ಪರ್ಸೆಂಟ್ ಈಗ್ಲೇ ಕೊಡ್ತೀವಿ" ಅಂತಾರೆ.

ಮೊದ್ಲು ಎರಡು ಹೆಸರಿನ ವ್ಯತ್ಯಾಸ ಬೇಗ ಮುಗಿಸ್ಬಿಡ್ತೀನಿ. ಡಿಸ್ಕೌಂಟಿಂಗ್‌ನಲ್ಲಿ ಸಾಮಾನ್ಯವಾಗಿ ವಸೂಲಿ ನಿಮ್ಮದೇ, ಬಿಲ್ ಮೇಲೆ ದುಡ್ಡು ತಂದಿದ್ದೀರ ಅನ್ನೋದು ಎಷ್ಟೋ ಸಲ ಪಾರ್ಟಿಗೆ ಗೊತ್ತೂ ಇರಲ್ಲ. ಫ್ಯಾಕ್ಟರಿಂಗ್‌ನಲ್ಲಿ ಬಿಲ್ಲನ್ನೇ ಫ್ಯಾಕ್ಟರ್‌ಗೆ, ಅಂದ್ರೆ ಆ ಫೈನಾನ್ಸ್ ಕಂಪನಿಗೆ, ಬರ್ಕೊಡ್ತೀರ, "ಇನ್ಮೇಲೆ ದುಡ್ಡು ಈ ಅಕೌಂಟ್‌ಗೆ ಹಾಕಿ" ಅಂತ ಪಾರ್ಟಿಗೆ ನೋಟಿಸ್ ಹೋಗುತ್ತೆ, ಬಾಕಿ ಲೆಡ್ಜರ್ ನೋಡ್ಕೊಳ್ಳೋದು, ಫೋನ್ ಮಾಡಿ ಕೇಳೋದು ಎಲ್ಲ ಅವರೇ. ಆ ನೋಟಿಸ್ ಕೈಗೆ ಬಂದ ಮೇಲೂ ಪಾರ್ಟಿ ಹಳೇ ಅಭ್ಯಾಸದಲ್ಲಿ ನಿಮಗೇ ದುಡ್ಡು ಹಾಕಿದ್ರೆ, ಫ್ಯಾಕ್ಟರ್‌ಗೆ ಇನ್ನೊಂದು ಸಲ ಕೊಡೋ ಪರಿಸ್ಥಿತಿ ಬರಬಹುದು. ಅದಕ್ಕೇ ದೊಡ್ಡ ಕಂಪನಿಗಳ ಅಕೌಂಟ್ಸ್ ಡಿಪಾರ್ಟ್‌ಮೆಂಟ್‌ನವರು ಈ ನೋಟಿಸ್ ಕಂಡ ಕೂಡ್ಲೇ ಸ್ವಲ್ಪ ಬಿಗಿಯಾಗ್ತಾರೆ, ಅವರದ್ದೇನೂ ತಪ್ಪಿಲ್ಲ.

ಈಗ ನಮ್ಮ ಬಿಲ್‌ಗೆ ಬರೋಣ. ಷರತ್ತು ಹೀಗಿದೆ ಅಂತ ಇಟ್ಕೊಳ್ಳಿ: 80 ಪರ್ಸೆಂಟ್ ಅಡ್ವಾನ್ಸ್, ಸರ್ವಿಸ್ ಫೀ 1.5 ಪರ್ಸೆಂಟ್, ಬಡ್ಡಿ ವರ್ಷಕ್ಕೆ 12 ಪರ್ಸೆಂಟ್. ಫೈನಾನ್ಸ್ ಕಂಪನಿಯವರು ಮೊದ್ಲು ನೋಡೋದು ನಿಮ್ಮನ್ನಲ್ಲ, ನಿಮ್ಮ ಪಾರ್ಟಿಯನ್ನ, ಯಾಕಂದ್ರೆ ಕೊನೆಗೆ ದುಡ್ಡು ಬರೋದು ಅವರಿಂದ. ಪರ್ಚೇಸ್ ಆರ್ಡರ್, ಇನ್ವಾಯ್ಸ್, ಮಾಲು ತಲುಪಿದ್ದಕ್ಕೆ ಸಹಿ ಇರೋ ಚಲನ್ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡ್ತಾರೆ, ಫ್ಯಾಕ್ಟರಿಂಗ್ ಆದ್ರೆ ಪಾರ್ಟಿಗೇ ಫೋನ್ ಮಾಡಿ "ಈ ಬಿಲ್ ಸರಿ ಇದೆಯಾ, ತಕರಾರು ಏನಾದ್ರೂ ಇದೆಯಾ" ಅಂತ ಕೇಳ್ತಾರೆ. ಎಲ್ಲ ಸರಿ ಇದ್ರೆ 8 ಲಕ್ಷ ನಿಮ್ಮ ಅಕೌಂಟ್‌ಗೆ ಬರುತ್ತೆ. ಉಳಿದ 2 ಲಕ್ಷ ಅವರ ಹತ್ರ ರಿಸರ್ವ್ ಆಗಿ ಕೂತಿರುತ್ತೆ.

ಪಾರ್ಟಿ ಸರಿಯಾಗಿ 60ನೇ ದಿನ ಪೂರ್ತಿ 10 ಲಕ್ಷ ಕೊಟ್ರು ಅನ್ಕೊಳ್ಳಿ. ಬಡ್ಡಿ 8 ಲಕ್ಷದ ಮೇಲೆ 60 ದಿನಕ್ಕೆ, ಅಂದ್ರೆ 15,781. ಸರ್ವಿಸ್ ಫೀ ಮಾತ್ರ 8 ಲಕ್ಷದ ಮೇಲಲ್ಲ, ಪೂರ್ತಿ 10 ಲಕ್ಷದ ಮೇಲೆ, ಅಂದ್ರೆ 15,000. ಇಲ್ಲೇ ಬಹಳ ಜನ ಗಮನಿಸದೆ ಮುಂದೆ ಹೋಗ್ತಾರೆ, ನಿಮ್ಮ ಕೈಗೆ ಬಂದಿರೋದು 8, ಫೀ ಕಟ್ತಿರೋದು 10ಕ್ಕೆ. ಎರಡೂ ಸೇರಿ 30,781. ಅದನ್ನ ರಿಸರ್ವ್‌ನಲ್ಲಿ ಕಳೆದು 1,69,219 ವಾಪಸ್ ಕೊಡ್ತಾರೆ. ಈಗ ಹೇಳಿ, ಇದು 12 ಪರ್ಸೆಂಟಾ? 8 ಲಕ್ಷವನ್ನ 60 ದಿನ ಬಳಸಿದ್ದಕ್ಕೆ 30,781 ಕೊಟ್ರಿ, ಅಂದ್ರೆ ಎರಡು ತಿಂಗಳಿಗೆ 3.85 ಪರ್ಸೆಂಟ್, ವರ್ಷಕ್ಕೆ ತಿರುಗಿಸಿದ್ರೆ 23.4 ಪರ್ಸೆಂಟ್. ಫೀಯನ್ನ ಮೊದ್ಲೇ ಕಟ್ ಮಾಡ್ಕೊಂಡು 7,85,000 ಕೊಟ್ರೆ ಇನ್ನೂ ಸ್ವಲ್ಪ ಮೇಲೆ ಹೋಗುತ್ತೆ, ಹತ್ರ ಹತ್ರ 23.9.

ಇದರಲ್ಲಿ ಮೋಸ ಇದೆ ಅಂತ ನಾನು ಹೇಳ್ತಿಲ್ಲ. ಫ್ಯಾಕ್ಟರ್ ವಸೂಲಿ ಮಾಡ್ತಾನೆ, ಲೆಡ್ಜರ್ ಇಡ್ತಾನೆ, ಅದಕ್ಕೆ ಒಬ್ಬ ಕ್ಲರ್ಕ್ ಇಟ್ಟಿದ್ರೆ ನಿಮಗೂ ಖರ್ಚು ಇರ್ತಿತ್ತು. ಆದ್ರೆ ಡಿಸ್ಕೌಂಟಿಂಗ್‌ನಲ್ಲಿ ವಸೂಲಿ ನೀವೇ ಮಾಡ್ತಾ ಅಷ್ಟೇ ಫೀ ಕಟ್ತಿದ್ರೆ ಯಾವುದಕ್ಕೆ ಕಟ್ತಿದ್ದೀರ ಅಂತ ಕೇಳ್ಲೇಬೇಕು. ಮತ್ತೆ ಪಕ್ಕದಲ್ಲಿ ಇನ್ನೊಂದು ದಾರಿ ಇಟ್ಟು ನೋಡಿ. ಅದೇ ಪಾರ್ಟಿಗೆ "10 ದಿನದಲ್ಲಿ ಕೊಟ್ರೆ 2 ಪರ್ಸೆಂಟ್ ಬಿಡ್ತೀನಿ" ಅಂದ್ರೆ ನಿಮಗೆ ಹೋಗೋದು 20,000, ಬರೋದು 9,80,000, ಅದೂ 50 ದಿನ ಮುಂಚೆ. ವರ್ಷದ ಲೆಕ್ಕದಲ್ಲಿ 15 ಪರ್ಸೆಂಟ್‌ಗಿಂತ ಸ್ವಲ್ಪ ಕಮ್ಮಿ. ಪಾರ್ಟಿ ಒಪ್ಕೊಂಡ್ರೆ ಇದು ಅಗ್ಗ. ಒಪ್ಕೊಂಡು, 2 ಪರ್ಸೆಂಟೂ ಕಟ್ ಮಾಡಿ, 45ನೇ ದಿನ ಕೊಡೋ ಮಹಾನುಭಾವರೂ ಇದ್ದಾರೆ, ಅಂಥವರ ಹತ್ರ ಈ ಆಟ ಬೇಡ.

ಇನ್ನು ಕೆಲವು ಕಡೆ ಬಡ್ಡಿ, ಫೀ ಅಂತ ಬೇರೆ ಬೇರೆ ಹೇಳಲ್ಲ, "30 ದಿನಕ್ಕೆ ಬರೀ 2 ಪರ್ಸೆಂಟ್" ಅಂತ ಒಂದೇ ಮಾತಲ್ಲಿ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ 2 ಪರ್ಸೆಂಟ್ ಯಾವುದರ ಮೇಲೆ? ಇನ್ವಾಯ್ಸ್ ಮೊತ್ತದ ಮೇಲೆ ಅಂದ್ರೆ 60 ದಿನಕ್ಕೆ 40,000, ವರ್ಷಕ್ಕೆ 30 ಪರ್ಸೆಂಟ್ ದಾಟ್ತು. ಮತ್ತೆ 30 ದಿನ ಅನ್ನೋದು ದಿನದ ಲೆಕ್ಕಾನಾ ಇಲ್ಲಾ ಸ್ಲ್ಯಾಬಾ? ಸ್ಲ್ಯಾಬ್ ಆದ್ರೆ ಪಾರ್ಟಿ 60ನೇ ದಿನದ ಬದಲು 61ನೇ ದಿನ ಕೊಟ್ರೂ ಮೂರನೇ ಸ್ಲ್ಯಾಬ್ ಪೂರ್ತಿ ಬಿತ್ತು, ಒಂದೇ ದಿನಕ್ಕೆ 20,000 ಜಾಸ್ತಿ, ಒಟ್ಟು 60,000, ವರ್ಷದ ಲೆಕ್ಕದಲ್ಲಿ 45 ಪರ್ಸೆಂಟ್ ಹತ್ರ. ಅದಕ್ಕೆ ಸಹಿ ಹಾಕೋ ಮುಂಚೆ ನಿಮ್ಮ ಹಳೇ ಲೆಡ್ಜರ್ ತೆಗೆದು ಆ ಪಾರ್ಟಿ ಒಂದು ವರ್ಷದಲ್ಲಿ ನಿಜವಾಗ್ಲೂ ಎಷ್ಟನೇ ದಿನಕ್ಕೆ ಕೊಟ್ಟಿದ್ದಾರೆ ಅಂತ ನೋಡಿ. ಬಿಲ್ ಮೇಲೆ ಬರೆದಿರೋ 60 ಅಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಹೇಳೋ ದಿನ. ಅದು 68 ಅಂತಿದ್ರೆ ನಿಮ್ಮ ಖರ್ಚೂ 68ನೇ ದಿನದ್ದೇ.

ಈಗ ರಿಸರ್ವ್ ಯಾಕೆ ಇಟ್ಕೊಳ್ತಾರೆ ನೋಡೋಣ. 70,000ದ ಮಾಲು ಸರಿ ಇಲ್ಲ ಅಂತ ಪಾರ್ಟಿ ವಾಪಸ್ ಕಳಿಸಿದ್ರು, ನೀವು ಕ್ರೆಡಿಟ್ ನೋಟ್ ಕೊಟ್ರಿ, ಅವರು 9,30,000 ಕಟ್ಟಿದ್ರು. ಈ 70,000 ಫ್ಯಾಕ್ಟರ್‌ನ ತಲೆ ಮೇಲೆ ಬೀಳಲ್ಲ, ನೇರ ನಿಮ್ಮ ರಿಸರ್ವ್‌ಗೆ ಹೋಗುತ್ತೆ, ನಿಮಗೆ ಕೊನೆಗೆ ಸಿಗೋದು 99,219. ಹೀಗೆ ಕಟ್ ಆಗೋದಕ್ಕೆ ಆ ಲೈನ್‌ನವರು ಡೈಲ್ಯೂಶನ್ ಅಂತಾರೆ. ನಿಮ್ಮ ವ್ಯಾಪಾರದಲ್ಲಿ ರಿಟರ್ನ್ಸ್, ಕಟಿಂಗ್ ಜಾಸ್ತಿ ಇದ್ರೆ 80ರ ಬದಲು 70 ಕೊಡ್ತೀವಿ ಅಂತಾರೆ, ಅದಕ್ಕೆ ಬೇಜಾರು ಮಾಡ್ಕೊಂಡು ಪ್ರಯೋಜನ ಇಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳೋದು ಪೂರ್ತಿ ಬಿಲ್ಲೇ ತಕರಾರಿಗೆ ಸಿಕ್ಕಾಗ. ಹೆಚ್ಚಿನ ಒಪ್ಪಂದಗಳು ರಿಕೋರ್ಸ್ ಇರೋವು, ಅಂದ್ರೆ ಪಾರ್ಟಿ ಕೊಡ್ಲಿಲ್ಲ ಅಂದ್ರೆ ದುಡ್ಡು ನೀವು ವಾಪಸ್ ಕೊಡ್ಬೇಕು, ಸಾಮಾನ್ಯವಾಗಿ ಬಿಲ್ 90 ದಿನ ಹಳೇದಾದ್ರೆ ಅಥವಾ ಒಪ್ಪಂದದಲ್ಲಿ ಬರೆದಿರೋ ಅವಧಿ ದಾಟಿದ್ರೆ. ಯಾರೂ ಬಂದು ಬಾಗಿಲು ತಟ್ಟಿ ಕೇಳಲ್ಲ, ನಿಮ್ಮ ಮುಂದಿನ ಬಿಲ್‌ನಲ್ಲಿ ಹಿಡ್ಕೊಳ್ತಾರೆ. ನೀವು ಹೊಸ 10 ಲಕ್ಷದ ಬಿಲ್ ಕೊಟ್ಟು 8 ಬರುತ್ತೆ, ಶನಿವಾರ ಸಂಬಳ ಕೊಡೋಣ ಅಂತ ಕೂತಿರ್ತೀರ, ಅವರು ಹಳೇ 8 ಲಕ್ಷ ಪ್ಲಸ್ ಬಡ್ಡಿಗೆ ಅದನ್ನ ಜಮಾ ಮಾಡ್ಕೊಂಡು ಒಂದು ಸ್ಟೇಟ್‌ಮೆಂಟ್ ಕಳಿಸ್ತಾರೆ. ಅಕೌಂಟ್‌ನಲ್ಲಿ ಸೊನ್ನೆ. ನಾನ್-ರಿಕೋರ್ಸ್ ತಗೊಂಡ್ರೆ ಈ ಕಾಟ ಇಲ್ಲ ಅಂತ ಕೆಲವರು ನಂಬಿರ್ತಾರೆ, ಆದ್ರೆ ಅದು ಸಾಮಾನ್ಯವಾಗಿ ಪಾರ್ಟಿ ದಿವಾಳಿಯಾದ್ರೆ ಮಾತ್ರ ಕಾಯೋದು. "ಮಾಲು ಸರಿ ಇಲ್ಲ, ಕೊಡಲ್ಲ" ಅಂದ್ರೆ ಅದು ತಕರಾರು, ಅದು ನಿಮ್ಮದೇ ಹೊಣೆ. ಜಾಸ್ತಿ ಫೀ ಕೊಟ್ಟು ತಗೊಳ್ಳೋ ಮುಂಚೆ ಒಪ್ಪಂದದಲ್ಲಿ ಆ ಒಂದು ಷರತ್ತನ್ನ ಎರಡು ಸಲ ಓದಿ.

ಇವರು ಚಲನ್, ಸಹಿ ಅಂತ ಇಷ್ಟು ಜೀವ ತಿನ್ನೋದಕ್ಕೂ ಕಾರಣ ಇದೆ. ಇನ್ನೂ ಆಗದ ವ್ಯಾಪಾರದ ಮೇಲೆ, ಮುಂದೆ ಬರಬಹುದಾದ ಬಿಲ್‌ಗಳ ಮೇಲೆ ದುಡ್ಡು ಕೊಡೋಕೆ ಶುರು ಮಾಡಿದ್ರೆ ಅದು ಬಿಲ್ ಮೇಲಿನ ದುಡ್ಡಲ್ಲ, ಆಧಾರ ಇಲ್ಲದ ಸಾಲ. ಬ್ರಿಟನ್‌ನ ಗ್ರೀನ್‌ಸಿಲ್ ಕ್ಯಾಪಿಟಲ್ ಅನ್ನೋ ಕಂಪನಿ 2021ರ ಮಾರ್ಚ್‌ನಲ್ಲಿ ಮುಳುಗಿದ ಮೇಲೆ ಹೊರಗೆ ಬಂದ ವಿಷಯಗಳಲ್ಲಿ ಇದೂ ಒಂದು, ಮುಂದಿನ ಬಿಲ್‌ಗಳನ್ನ ಅಂದಾಜು ಮಾಡಿ ಅದರ ಮೇಲೆ ಹಣ ಕೊಟ್ಟಿದ್ರು.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂತಿದ್ದ ಮಾತು. ನಿಮ್ಮ ಸೇಲ್ಸ್ ತಿಂಗಳಿಗೆ 10 ಲಕ್ಷ, ಎಲ್ಲರೂ 60 ದಿನಕ್ಕೆ ಕೊಡ್ತಾರೆ ಅಂತಿಟ್ಕೊಳ್ಳಿ. ಅಂದ್ರೆ ಯಾವಾಗ್ಲೂ 20 ಲಕ್ಷ ಹೊರಗೆ ನಿಂತಿರುತ್ತೆ. ಎಲ್ಲ ಬಿಲ್ ಮೇಲೂ ದುಡ್ಡು ತಗೊಳ್ಳೋಕೆ ಶುರು ಮಾಡಿದ್ರೆ ಮೊದಲ ಎರಡು ತಿಂಗಳಲ್ಲಿ ಹಬ್ಬ, ಹಳೇ ಬಿಲ್‌ಗಳ ದುಡ್ಡೂ ಬರ್ತಿದೆ, ಹೊಸ ಬಿಲ್‌ಗಳ ಅಡ್ವಾನ್ಸೂ ಬರ್ತಿದೆ, ಒಟ್ಟು 16 ಲಕ್ಷ ಹೆಚ್ಚಿಗೆ ಕೈಗೆ ಬರುತ್ತೆ. ಮೂರನೇ ತಿಂಗಳಿಂದ? ಮತ್ತೆ ಮಾಮೂಲಿ, ತಿಂಗಳಿಗೆ 10 ಲಕ್ಷದ ಒಳಗೇ, ಅದೂ 30,781 ಕಮ್ಮಿ. ದುಡ್ಡು ಮುಂದಕ್ಕೆ ಬಂದಿದ್ದು ಒಂದೇ ಸಲ, ಖರ್ಚು ಮಾತ್ರ ಪ್ರತಿ ತಿಂಗಳೂ, ವರ್ಷಕ್ಕೆ 3.69 ಲಕ್ಷ. ನಿಮ್ಮ ಮಾರ್ಜಿನ್ 10 ಪರ್ಸೆಂಟ್ ಆಗಿದ್ರೆ ವರ್ಷದ 12 ಲಕ್ಷ ಲಾಭದಲ್ಲಿ ಹತ್ರ ಹತ್ರ ಮೂರನೇ ಒಂದು ಭಾಗ ಇದಕ್ಕೇ ಹೋಯ್ತು. ಆ 16 ಲಕ್ಷವನ್ನ ಹೊಸ ಆರ್ಡರ್‌ನ ಕಚ್ಚಾಮಾಲಿಗೆ ಹಾಕಿ ಸೇಲ್ಸ್ ಬೆಳೆಸಿದ್ರೆ ಲೆಕ್ಕ ಕೂಡುತ್ತೆ. ಹಳೇ ನಷ್ಟ ಮುಚ್ಚೋಕೆ ಹಾಕಿದ್ರೆ ದುಡ್ಡು ಹೋಯ್ತು, ಖರ್ಚು ಉಳ್ಕೊಳ್ತು.

ಸೇಲ್ಸ್ ಬಿದ್ದಾಗ ಇನ್ನೊಂದು ವಿಷಯ ಗೊತ್ತಾಗುತ್ತೆ. ತಿಂಗಳಿಗೆ 10 ಇದ್ದಿದ್ದು 6 ಲಕ್ಷಕ್ಕೆ ಇಳಿದ್ರೆ ಹೊಸ ಅಡ್ವಾನ್ಸ್ ಬರೋದು 4.8 ಲಕ್ಷ ಅಷ್ಟೇ, ಹಳೇ ಬಿಲ್‌ಗಳ ದುಡ್ಡು ಬಂದಾಗ ಅದರಲ್ಲಿ 8 ಲಕ್ಷ ಫ್ಯಾಕ್ಟರ್‌ಗೆ ಹೋಗುತ್ತೆ. ಅಂದ್ರೆ ನಿಮಗೆ ದುಡ್ಡು ಜಾಸ್ತಿ ಬೇಕಾದ ಸಮಯದಲ್ಲೇ ಬಿಲ್ ಮೇಲೆ ಸಿಗೋ ದುಡ್ಡು ತಾನಾಗಿ ಕಮ್ಮಿಯಾಗುತ್ತೆ.

ಹಾಗಾಗಿ ಒಳಗೆ ಹೋಗೋ ದಿನವೇ ಹೊರಗೆ ಬರೋ ದಾರಿ ಕೇಳಿ. ಎಲ್ಲ ಬಿಲ್ಲೂ ಕೊಡ್ಲೇಬೇಕಾ, ಬೇಕಾದ ಪಾರ್ಟಿ ಬಿಲ್ ಮಾತ್ರ ಕೊಡಬಹುದಾ? ತಿಂಗಳಿಗೆ ಮಿನಿಮಮ್ ಫೀ ಇದೆಯಾ? ಬಿಡ್ಬೇಕಂದ್ರೆ ಎಷ್ಟು ತಿಂಗಳ ನೋಟಿಸ್ ಕೊಡ್ಬೇಕು? ಒಂದೇ ಸಲ ನಿಲ್ಲಿಸಿದ್ರೆ ಎರಡು ತಿಂಗಳಲ್ಲಿ ಆ 16 ಲಕ್ಷ ನೀವೇ ಹೊಂದಿಸ್ಬೇಕು, ಅದು ಯಾರಿಗೂ ಸುಲಭ ಅಲ್ಲ. ಬಿಲ್ ಆರಿಸಿ ಕೊಡೋಕೆ ಒಪ್ಪಂದದಲ್ಲಿ ಅವಕಾಶ ಇದ್ರೆ, ಬೇಗ ದುಡ್ಡು ಕೊಡೋ ಪಾರ್ಟಿಯ ಬಿಲ್‌ಗಳನ್ನ ಮೊದ್ಲು ಹೊರಗೆ ತೆಗೀರಿ. ಆಗ ತುಂಬ್ಬೇಕಾದ ಗ್ಯಾಪ್ ಚಿಕ್ಕದಿರುತ್ತೆ, ಅದು ಮುಚ್ಚಿದ ಮೇಲೆ ಮುಂದಿನ ಪಾರ್ಟಿ. ಪ್ರಶ್ನೆ ಇದ್ರೆ ಈಗ ಕೇಳಿ, ನಿಮ್ಮ ಒಪ್ಪಂದದ ಫೀ ಪುಟ ಕೈಯಲ್ಲಿದ್ರೆ ಅದನ್ನೇ ತಗೊಂಡು ಬನ್ನಿ, ಇಲ್ಲೇ ಲೆಕ್ಕ ಹಾಕಿ ನೋಡೋಣ.