ಮರಕ್ಕೆ ನಂಬರ್ ಬಿದ್ದ ಕೂಡಲೇ ಬರೆಯಬೇಕಾದ ಪತ್ರ

ಕೇಳುಗರಿಗೆಲ್ಲ ನಮಸ್ಕಾರ.

ರಸ್ತೆ ಅಗಲ ಮಾಡಲು ಸಾಲುಮರ ಕಡಿಯುತ್ತಾರೆ ಎಂದಾಗ ನಾವು ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯುತ್ತೇವೆ. ಅದು ಅಚ್ಚಾಗುವ ಹೊತ್ತಿಗೆ ಎಷ್ಟೋ ಸಲ ಮರ ದಿಮ್ಮಿಯಾಗಿ ಲಾರಿ ಹತ್ತಿರುತ್ತದೆ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 40 ಮರ ಉರುಳಿದವು. ಊರಿನ ಸಿಟ್ಟು ಬೀದಿಗೆ ಬಂದದ್ದು ಆಮೇಲೆ.

ಈ 40 ಅನ್ನುವ ಲೆಕ್ಕ ನೋಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ, ಕಡಿಯಲು ಅನುಮತಿ ಕೊಡುವ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಅದಕ್ಕಿಂತ ಕಡಿಮೆಯಿದ್ದರೆ ಆ ಕಟ್ಟುಪಾಡಿಲ್ಲ. ಒಂದೇ ಕಾಮಗಾರಿಯನ್ನು ತುಂಡು ಮಾಡಿ ಅರ್ಜಿ ಹಾಕುತ್ತಾರೆ ಎಂಬ ದೂರು ಹುಟ್ಟುವುದು ಇಲ್ಲಿಯೇ. ಹಾಗಾಗಿ ಪತ್ರ ಬರೆಯುವವರು ಮೊದಲು ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ತೊಗಟೆ ಕೆತ್ತಿ ಬಣ್ಣದಲ್ಲಿ ನಂಬರ್ ಬರೆದಿರುತ್ತಾರಲ್ಲ, ಅದನ್ನು ಗುರುತು ಹಾಕಿಕೊಳ್ಳಬೇಕು. ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆ, ಡಾಂಬರಿನ ಅಂಚಿನಿಂದ ಬುಡಕ್ಕಿರುವ ದೂರ, ಇವೆರಡಕ್ಕೆ ಒಂದು ಟೇಪು ಸಾಕು.

ಆಮೇಲೆ ಪತ್ರ ಹೀಗಿರಬಹುದು: "ಮಾನ್ಯರೇ, ನಮ್ಮೂರಿನ ಆಸ್ಪತ್ರೆ ರಸ್ತೆಯಲ್ಲಿ 17ನೇ ನಂಬರಿನ ಹುಣಸೆಮರ ಡಾಂಬರಿನಿಂದ 4 ಮೀಟರ್ ಆಚೆಗಿದೆ. ರಸ್ತೆ ಅಗಲವಾಗುವುದು 3 ಮೀಟರ್ ಎಂದು ಫಲಕದಲ್ಲಿದೆ. ಹಾಗಿದ್ದರೆ ಈ ಮರ ಪಟ್ಟಿಗೆ ಸೇರಿದ್ದೇಕೆ?" ಇಂಥ ಪ್ರಶ್ನೆಗೆ ಇಲಾಖೆ ಉತ್ತರ ಹೇಳಲೇಬೇಕಾಗುತ್ತದೆ. "ಮರಗಳೇ ನಮ್ಮ ಉಸಿರು" ಎಂದು ಬರೆದರೆ ಅಧಿಕಾರಿಯೂ ತಲೆದೂಗಿ ಸುಮ್ಮನಾಗುತ್ತಾರೆ!

"ಮರವನ್ನು ಬೇರೆಡೆ ನೆಡುತ್ತೇವೆ" ಎಂಬ ಮಾತು ಬಂದೇ ಬರುತ್ತದೆ. ಆಲ, ಅರಳಿ, ಗೋಣಿ ಜಾತಿಯವು ಕಿತ್ತು ನೆಟ್ಟರೆ ಚಿಗುರುವ ಸಾಧ್ಯತೆ ಹೆಚ್ಚು. ಹಳೆಯ ಹುಣಸೆ, ಮಾವು ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. ಯಾವ ಜಾತಿ, ಎಲ್ಲಿ ನೆಡುತ್ತೀರಿ, ನೀರು ಹಾಕುವವರು ಯಾರು ಎಂದು ಪತ್ರದಲ್ಲೇ ಕೇಳಿಬಿಡಿ.

ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ನಡುವೆ ಬೆಳೆಸಿದ ಆಲಗಳಿಗೂ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯಿಂದ ಕುತ್ತು ಬಂದಿತ್ತು. ಕೊಡಲಿ ಬೀಳುವ ಮೊದಲೇ ಅವರು ಮುಖ್ಯಮಂತ್ರಿಗೆ ಮೊರೆಯಿಟ್ಟರು. ಮರ ಉಳಿಸಿ ಬೇರೆ ದಾರಿ ನೋಡಿ ಎಂಬ ಸೂಚನೆ ಹೊರಟಿತು. ತಿಮ್ಮಕ್ಕನವರ ಹೆಸರಿನ ಬಲ ನಮಗಿಲ್ಲ, ನಿಜ. ನಮ್ಮ ಕೈಯಲ್ಲಿರುವುದು ಅಳತೆ ಮತ್ತು ಗಡುವು.

ಇನ್ನೊಂದು ಮಾತು. ಪತ್ರಿಕೆಯಲ್ಲಿ ಬಂದ ಪತ್ರವನ್ನೇ ಕಾನೂನಿನ ಆಕ್ಷೇಪಣೆ ಎಂದು ನಂಬಿ ಕೂರಬೇಡಿ. ಅದೇ ಒಕ್ಕಣೆಯ ಪ್ರತಿಗೆ ಸಹಿ ಹಾಕಿ, ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ವೃಕ್ಷಾಧಿಕಾರಿಯ ಕಚೇರಿಗೆ ಕೊಟ್ಟು, ತಾರೀಖಿನ ಮೊಹರು ಬಿದ್ದ ಸ್ವೀಕೃತಿ ಪಡೆಯಿರಿ.

ನಮಸ್ಕಾರ.