ಬಾಯಲ್ಲಿ ಬರುವ ಇಂಗ್ಲಿಷ್ ಮಾತ್ರ ಸ್ಲೈಡಿಗೆ

ಕೇಳುಗರಿಗೆ ನಮಸ್ಕಾರ. ಸ್ಲೈಡ್ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ. ಹೀಗೆ ಮಾತಾಡಬೇಕಾದವರು ನಿಮ್ಮಲ್ಲಿ ತುಂಬ ಜನ ಇದ್ದೀರಿ. ಪಾಠ ಮಾಡುವವರು, ತರಬೇತಿ ಕೊಡುವವರು, ವೈದ್ಯರು, ಎಂಜಿನಿಯರುಗಳು. ನಿಮಗೆ ನಾನು ಹೇಳುವುದು ಒಂದೇ ವಿಷಯ. ಕನ್ನಡದಲ್ಲಿ ವಿವರಿಸುವಾಗಲೂ ನಿಮ್ಮ ಬಾಯಲ್ಲಿ ಇಂಗ್ಲಿಷಾಗಿಯೇ ಬರುವ ಪದಗಳಿವೆಯಲ್ಲ, ಅವು ಮಾತ್ರ ಸ್ಲೈಡಿನ ಮೇಲೆ ಇರಲಿ. ಜೊತೆಗೆ ಅಂಕಿ ಇರಲಿ, ಚಿತ್ರ ಇರಲಿ. ಪೂರ್ತಿ ವಾಕ್ಯ ಬೇಡ.

ಕಾರಣ ಸರಳ. ತೆರೆಯ ಮೇಲೆ ಅಕ್ಷರ ಕಂಡರೆ ಕಣ್ಣು ಓದದೇ ಬಿಡುವುದಿಲ್ಲ. ಓದುತ್ತಾ ಕೇಳುವುದು ಮೊದಲೇ ಕಷ್ಟ. ಅದರಲ್ಲೂ ಇಂಗ್ಲಿಷ್ ವಾಕ್ಯದ ಹೆಜ್ಜೆಯೇ ಬೇರೆ, ಕನ್ನಡದ್ದೇ ಬೇರೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ನಮ್ಮಲ್ಲಿ ಕೊನೆಗೆ. ಹಾಗಾಗಿ ನೀವು ಯಾವ ಸಾಲು ಹೇಳುತ್ತಿದ್ದೀರಿ ಅಂತ ಕೇಳುವವರು ತೆರೆಯ ಮೇಲೆ ಹುಡುಕುತ್ತಾ ಕೂರುತ್ತಾರೆ.

ನನಗೆ ಪರಿಚಯದ ವೈದ್ಯರೊಬ್ಬರು ಮಧುಮೇಹದ ಬಗ್ಗೆ ಮಾತಾಡುವವರಿದ್ದರು. ಸ್ಲೈಡು ನೋಡಿ ಅಂತ ನನಗೆ ಕಳಿಸಿದರು. ಒಂದು ಸ್ಲೈಡಿನಲ್ಲಿ ಉದ್ದದ ಇಂಗ್ಲಿಷ್ ವಾಕ್ಯ. ಮೊದಲು ‘ಇಂಥವರಿಗೆ ಮಧುಮೇಹ ಇದೆ ಎಂದು ತಿಳಿಯಬೇಕು’ ಅಂತ, ಆಮೇಲೆ ಕಾರಣಗಳು. ನಾನು ಸ್ಲೈಡು ಮುಚ್ಚಿಟ್ಟು, ‘ಡಾಕ್ಟ್ರೇ, ಎದುರಿಗೆ ಕೂತವರಿಗೆ ಹೇಳುವ ಹಾಗೆ ಸುಮ್ನೆ ಹೇಳಿ’ ಅಂದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರು ಹೇಳಿದ್ದು ಹೀಗೆ: ‘ರಾತ್ರಿ ಊಟ ಆದ ಮೇಲೆ ಎಂಟು ಗಂಟೆ ಏನೂ ತಿನ್ನದೆ ಬೆಳಗ್ಗೆ ಫಾಸ್ಟಿಂಗ್ ಶುಗರ್ ನೋಡಿಸ್ತೀರಿ. ನೂರರ ಒಳಗಿದ್ದರೆ ನಾರ್ಮಲ್. ನೂರರಿಂದ ನೂರ ಇಪ್ಪತ್ತೈದು ಇದ್ದರೆ ಪ್ರೀಡಯಾಬಿಟಿಸ್. ನೂರ ಇಪ್ಪತ್ತಾರು ಅಥವಾ ಜಾಸ್ತಿ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ಆಗಲೂ ಹಾಗೇ ಬಂದರೆ ಡಯಾಬಿಟಿಸ್.’

ಎಷ್ಟು ಚೆನ್ನಾಗಿ ಹೇಳಿದರು, ಅಲ್ವಾ? ಅವರ ಬಾಯಲ್ಲಿ ಇಂಗ್ಲಿಷಾಗಿ ಬಂದದ್ದು ನಾಲ್ಕೇ: ಫಾಸ್ಟಿಂಗ್ ಶುಗರ್, ನಾರ್ಮಲ್, ಪ್ರೀಡಯಾಬಿಟಿಸ್, ಡಯಾಬಿಟಿಸ್. ಸ್ಲೈಡಿಗೆ ಅಷ್ಟನ್ನೇ ಹಾಕಿದೆವು. ಅಡ್ಡಕ್ಕೆ ಒಂದು ದಪ್ಪ ಗೆರೆ, ಅದರಲ್ಲಿ ಹಸಿರು, ಹಳದಿ, ಕೆಂಪು ಮೂರು ತುಂಡು. ಒಂದೊಂದರ ಮೇಲೆ ಅದರ ಹೆಸರು. ಬಣ್ಣ ಬದಲಾಗುವ ಕಡೆ 100 ಮತ್ತು 126. ಕೆಂಪು ತುಂಡಿನ ಪಕ್ಕ ರಕ್ತದ ಹನಿಯ ಚಿತ್ರ ಎರಡು, ಎರಡು ಸಲ ಪರೀಕ್ಷೆ ಅಂತ ನೆನಪಿಸಲು. ಲ್ಯಾಬ್ ರಿಪೋರ್ಟಿನಲ್ಲಿ ಈ ಪರೀಕ್ಷೆಗೆ ಯಾವ ಹೆಸರು ಅಚ್ಚಾಗಿರುತ್ತದೋ ಅದೇ ಹೆಸರನ್ನು ಮೇಲೆ ಬರೆದೆವು. ಸ್ಲೈಡಿನಲ್ಲಿ ಇಂಗ್ಲಿಷ್ ಇರಬೇಕಾದದ್ದೇ ಅದಕ್ಕೆ. ನಾಳೆ ಕೇಳುಗರ ಕೈಗೆ ಬರುವ ಕಾಗದ ಇಂಗ್ಲಿಷಿನಲ್ಲಿದೆ. ಆ ಹೆಸರು ಅವರಿಗೆ ಗುರುತು ಸಿಗಬೇಕು.

ಡಾಕ್ಟ್ರು ಒಂದು ಪ್ರಶ್ನೆ ಕೇಳಿದರು, ಸರಿಯಾದ ಪ್ರಶ್ನೆಯೇ. ‘ಕನ್ನಡ ಅಷ್ಟಾಗಿ ಬಾರದವರೂ ಇರ್ತಾರಲ್ಲ, ಅವರಿಗೆ ವಾಕ್ಯ ಬೇಡ್ವಾ?’ ಬೇಕು. ಆದರೆ ತೆರೆಯ ಮೇಲಲ್ಲ. ಪವರ್‌ಪಾಯಿಂಟಿನಲ್ಲಿ ಸ್ಲೈಡಿನ ಕೆಳಗೆ ನೋಟ್ಸ್ ಬರೆಯಲು ಜಾಗ ಇದೆ. ಆ ಉದ್ದದ ವಾಕ್ಯವನ್ನು ಅಲ್ಲಿಗೆ ಇಳಿಸಿದೆವು. ನೋಟ್ಸ್ ಪೇಜಸ್ ಅಂತ ಪ್ರಿಂಟ್ ತೆಗೆದರೆ ಒಂದು ಹಾಳೆಯಲ್ಲಿ ಮೇಲೆ ಸ್ಲೈಡು, ಕೆಳಗೆ ಪೂರ್ತಿ ಇಂಗ್ಲಿಷ್ ವಿವರಣೆ. ಬೇಕಾದವರಿಗೆ ಕೈಗೆ ಕೊಟ್ಟರಾಯಿತು.

ಇಷ್ಟಕ್ಕೂ ಜನ ಒಪ್ಪುವುದಿಲ್ಲ. ‘ವಾಕ್ಯ ಇಲ್ಲದಿದ್ದರೆ ನನಗೇ ಮರೆತುಹೋಗುತ್ತೆ’ ಅಂತಾರೆ. ಸ್ವಾಮಿ, ನಿಮಗೆ ಮರೆಯದಿರಲಿ ಅಂತ ಬರೆದುಕೊಂಡ ಚೀಟಿಯನ್ನು ಸಭೆಗೆಲ್ಲ ಯಾಕೆ ತೋರಿಸುತ್ತೀರಿ? ಅದು ನಿಮ್ಮ ಕೈಯಲ್ಲಿರಲಿ, ಕನ್ನಡದಲ್ಲೇ ಇರಲಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೇಲಿನಿಂದ ಕೆಳಕ್ಕೆ ಜೋಡಿಸುವಾಗ ನಿಮ್ಮ ಕನ್ನಡ ಮಾತಿನ ಕ್ರಮ ಇಟ್ಟುಕೊಳ್ಳಿ. ‘ಹೀಗಿದ್ದರೆ’ ಮೇಲೆ, ‘ಹೀಗೆ’ ಕೆಳಗೆ. ಸ್ಲೈಡು ಬದಲಾದ ಕೂಡಲೇ ಮಾತಾಡಬೇಡಿ. ತೆರೆಯ ಮೇಲಿನ ಪದಗಳನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಳ್ಳಿ, ಅಷ್ಟು ಹೊತ್ತು ಸುಮ್ಮನಿರಿ. ಪದ ಹೇಳುವಾಗ ಅದರ ಮೇಲೆ ಬೆರಳಿಡಿ. ನೀವು ಹೇಳಿ ಮುಗಿಸಿದ್ದನ್ನೇ ಯಾರಾದರೂ ಮತ್ತೆ ಕೇಳಿದರೆ, ಅವರು ಅಷ್ಟು ಹೊತ್ತು ಓದುತ್ತಿದ್ದರು ಅಂತ ತಿಳಿಯಿರಿ. ಆ ಸ್ಲೈಡಿನಲ್ಲಿ ಅಕ್ಷರ ಜಾಸ್ತಿಯಾಗಿದೆ.

ಇನ್ನು ತೆರೆಯ ಕೆಲಸವೇ ಇಲ್ಲದ ಮಾತು ಬಂದಾಗ, ಉದಾಹರಣೆ ಹೇಳುವಾಗ, ಪ್ರಶ್ನೆಗೆ ಉತ್ತರ ಕೊಡುವಾಗ, ಕೀಬೋರ್ಡಿನಲ್ಲಿ B ಒತ್ತಿ. ಪವರ್‌ಪಾಯಿಂಟ್ ಸ್ಲೈಡ್ ಶೋ ಕಪ್ಪಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಸ್ಲೈಡು ವಾಪಸ್ಸು ಬರುತ್ತದೆ. ನಮಸ್ಕಾರ.